ಒಂದು ತಪ್ಪಿಗೆ ಎರಡು ಬಾರಿ ಅಂಕ ಕಳೆಯಬೇಕೆ?

ಉತ್ತರಪತ್ರಿಕೆಗಳನ್ನು ತಿದ್ದುವಾಗ ನನ್ನನ್ನು ಹೆಚ್ಚು ತಡೆದು ನಿಲ್ಲಿಸುವುದು (ಅ) ಭಾಗದ ಉತ್ತರವನ್ನೇ ನೆಚ್ಚಿಕೊಂಡ (ಆ) ಭಾಗವಿರುವ ಲೆಕ್ಕಗಳು. ಒಂದು ಉದಾಹರಣೆಯನ್ನು ನೋಡೋಣ. ಘರ್ಷಣೆಯಿಲ್ಲದ ಇಳಿಜಾರಿನಲ್ಲಿ 5 ಮೀಟರ್ ಎತ್ತರದಿಂದ ನಿಶ್ಚಲ ಸ್ಥಿತಿಯಲ್ಲಿದ್ದ ಮರದ ತುಂಡೊಂದು ಜಾರುತ್ತದೆ. ಬುಡ ತಲುಪಿದಾಗ ಅದರ ವೇಗವೆಷ್ಟು ಎಂಬುದು (ಅ), 2 ಅಂಕ. ಮುಂದಿನ ಸಮತಟ್ಟು ನೆಲದ ಘರ್ಷಣಾ ಗುಣಾಂಕ 0.5 ಆಗಿದ್ದರೆ ಅದು ಎಷ್ಟು ದೂರ ಸಾಗಿ ನಿಲ್ಲುತ್ತದೆ ಎಂಬುದು (ಆ), 3 ಅಂಕ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ ವೇಗ √(2gh), ಅಂದರೆ ಸೆಕೆಂಡಿಗೆ 10 ಮೀಟರ್. ನೆಲದ ಮೇಲೆ ವೇಗವು ಪ್ರತಿ ಸೆಕೆಂಡಿಗೆ 5 ಮೀಟರ್‌ನಷ್ಟು ಕುಗ್ಗುವುದರಿಂದ ದೂರ 100 ÷ 10, ಅಂದರೆ 10 ಮೀಟರ್.

ವಿದ್ಯಾರ್ಥಿಯೊಬ್ಬ ಶಕ್ತಿಯ ಸಮೀಕರಣವನ್ನು ಸರಿಯಾಗಿಯೇ ಬರೆದು, ಸರಳಗೊಳಿಸುವಾಗ 2 ಅನ್ನು ಕೈಬಿಟ್ಟನೆನ್ನಿ. ಅವನ ವೇಗ √50, ಸುಮಾರು 7.07. ಅದನ್ನೇ ಮುಂದೆ ಬಳಸಿದಾಗ ದೂರ 50 ÷ 10, ಅಂದರೆ 5 ಮೀಟರ್. ವೇಗದಲ್ಲಿ ಶೇ. 29ರಷ್ಟಿದ್ದ ಕೊರತೆ, ದೂರದ ಸೂತ್ರದಲ್ಲಿ ವೇಗದ ವರ್ಗವಿರುವ ಕಾರಣ ಶೇ. 50ಕ್ಕೆ ಬೆಳೆಯಿತು. ಮಾದರಿ ಉತ್ತರದ ಹಾಳೆಯನ್ನಷ್ಟೇ ಹಿಡಿದು ಕುಳಿತ ಮೌಲ್ಯಮಾಪಕರಿಗೆ ಇಲ್ಲಿ ಎರಡು ತಪ್ಪು ಉತ್ತರಗಳು ಕಾಣುತ್ತವೆ. ಆದರೆ ಆಗಿರುವ ತಪ್ಪು ಒಂದೇ. ಅವನ 7.07 ಅನ್ನು ತೆಗೆದುಕೊಂಡು (ಆ) ಭಾಗವನ್ನು ನಾವೇ ಮತ್ತೆ ಲೆಕ್ಕ ಹಾಕಿದರೆ 5 ಮೀಟರ್ ಬರುತ್ತದೆ, ಆದ್ದರಿಂದ ಅಲ್ಲಿನ 3 ಅಂಕಗಳೂ ಅವನಿಗೆ ಸಲ್ಲಬೇಕು. (ಅ) ಭಾಗದಲ್ಲಿ 1 ಅಂಕ ಕಳೆದರೆ ಸಾಕು. ಇದಕ್ಕೆ ಪ್ರತಿ ಪತ್ರಿಕೆಗೂ ಹೊಸದಾಗಿ ಲೆಕ್ಕ ಮಾಡುವ ಶ್ರಮ ಬೇಕು, ಮತ್ತು ಈ ಪದ್ಧತಿಯನ್ನು ಹಲವರು ಇಷ್ಟಪಡದಿರುವುದಕ್ಕೆ ತತ್ತ್ವಕ್ಕಿಂತ ಆ ಶ್ರಮವೇ ಕಾರಣವೆಂದು ನನ್ನ ಗುಮಾನಿ.

ಇದಕ್ಕೆ ಮಿತಿಯೂ ಇದೆ. ಮೊದಲ ತಪ್ಪಿನಿಂದ ಮುಂದಿನ ಲೆಕ್ಕವೇ ಹಗುರವಾಗಿಬಿಟ್ಟರೆ, ಉದಾಹರಣೆಗೆ ಬಿಡಿಸಬೇಕಿದ್ದ ವರ್ಗಸಮೀಕರಣವು ಸರಳ ಸಮೀಕರಣವಾಗಿಬಿಟ್ಟರೆ, ಪರೀಕ್ಷಿಸಬೇಕಿದ್ದ ಕೌಶಲವನ್ನು ವಿದ್ಯಾರ್ಥಿ ತೋರಿಸಿಯೇ ಇರುವುದಿಲ್ಲ. ಅಲ್ಲಿ ಪೂರ್ಣ ಅಂಕ ಕೊಡಲಾಗದು. ವರ್ಗಮೂಲ ತೆಗೆಯಲು ಮರೆತು ವೇಗ 100 ಎಂದು ಬರೆದವನಿಗೆ ದೂರ 1000 ಮೀಟರ್ ಬರುತ್ತದೆ. ಐದು ಮೀಟರ್ ಎತ್ತರದಿಂದ ಜಾರಿದ ತುಂಡು ಒರಟು ನೆಲದ ಮೇಲೆ ಒಂದು ಕಿಲೋಮೀಟರ್ ಹೋಗುವುದೆಂದು ಬರೆಯುವಾಗ ಕೈ ಅಳುಕಬೇಕಿತ್ತು. ಅವನ ವಿಧಾನಕ್ಕೆ ಅಂಕ ಕೊಡುತ್ತೇನೆ, ಸ್ವಲ್ಪ ಮುನಿಸಿಕೊಂಡೇ.

7.07 ಬರೆದವನಿಗೆ ಅಂಥ ಎಚ್ಚರಿಕೆಯ ಗಂಟೆ ಕೇಳಿಸುವುದಿಲ್ಲ, ಏಕೆಂದರೆ 5 ಮೀಟರ್ ನಂಬಲರ್ಹವಾಗಿಯೇ ಕಾಣುತ್ತದೆ. ಅದನ್ನು ಹಿಡಿಯಲು ವೇಗವನ್ನು ಮುಟ್ಟದ ಬೇರೊಂದು ದಾರಿ ಬೇಕು: ಇಳಿಯುವಾಗ ದೊರೆತ ಶಕ್ತಿಯೆಲ್ಲವೂ ಘರ್ಷಣೆಯಲ್ಲಿ ಮುಗಿಯುವುದರಿಂದ, ಎತ್ತರವನ್ನು ಘರ್ಷಣಾ ಗುಣಾಂಕದಿಂದ ಭಾಗಿಸಿದರೆ ದೂರ ನೇರವಾಗಿ 10 ಮೀಟರ್ ಎಂದು ಸಿಗುತ್ತದೆ. (ಅ) ಭಾಗದಲ್ಲಿ 7.07 ಬರೆದಿದ್ದರೂ (ಆ) ಭಾಗವನ್ನು ಈ ದಾರಿಯಲ್ಲಿ ಬಿಡಿಸಿದವರ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಆದರೂ ‘ಮೇಲೆ ಪಡೆದ ವೇಗವನ್ನು ಬಳಸಿ’ ಎಂದು ಪ್ರಶ್ನೆಯಲ್ಲಿ ಹೇಳಿರದಿದ್ದರೆ, ಆ 3 ಅಂಕಗಳಲ್ಲಿ ಒಂದನ್ನೂ ಕಳೆಯುವ ಅಧಿಕಾರ ನಮಗಿಲ್ಲ.