ಟಯರಿನ 4 ಅಂಕಿ ಮೊದಲು ಓದಿ

“ಹಳೆ ಕಾರು ಕೊಳ್ಳಬೇಕು ಅಂತಿದ್ದೇವೆ. ಒಬ್ಬರೇ ಓಡಿಸಿದ ಗಾಡಿ, 38,000 ಕಿ.ಮೀ., ಬಣ್ಣ ಫಳಫಳ. ನಾವೇ ಏನು ನೋಡಬಹುದು?”

ಟಯರಿನ ಬದಿಯಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ 4 ಅಂಕಿ ಓದಿ. 1417 ಅಂದ್ರೆ 2017ರ 14ನೇ ವಾರ. ಹೊರಗಡೆ ಕಾಣದಿದ್ದರೆ ಒಳಬದಿಯಲ್ಲಿರುತ್ತದೆ, ಮುಂದಿನ ಚಕ್ರ ತಿರುಗಿಸಿ ಮೊಬೈಲ್ ಟಾರ್ಚ್ ಹಾಕಿ.

2024ರಲ್ಲಿ ಕುಂಬಳೆಯಲ್ಲಿ ನಾನು ನೋಡಿದ 2017ರ ಗಾಡಿಯ ನಾಲ್ಕೂ ಟಯರಲ್ಲಿ ಇದೇ ನಂಬರ್ ಇತ್ತು. ನೆಲಕ್ಕೆ ತಾಗುವ ಕಡೆಯ ಗೀರುಗಳು ಸವೆಯದೆ ಚೆನ್ನಾಗಿಯೇ ಉಳಿದಿದ್ದವು, ಆದರೆ ಬದಿಯ ರಬ್ಬರ್ ಸಣ್ಣಗೆ ಬಿರುಕು ಬಿಟ್ಟಿತ್ತು. ಇಂಥ ಗಟ್ಟಿಯಾದ ರಬ್ಬರ್ ನಮ್ಮ ಮಳೆಯಲ್ಲಿ ಬ್ರೇಕ್ ಹಾಕಿದಾಗ ಜಾರುತ್ತದೆ.

ಆಮೇಲೆ ಮುಂದಿನ ಬ್ರೇಕ್ ಡಿಸ್ಕ್ ನೋಡಿದೆ. (ಬಿಸಿಯಾಗಿದ್ದರೆ ಮುಟ್ಟಬೇಡಿ.) ಮಳೆಯಲ್ಲಿ ನಿಂತ ಗಾಡಿಯ ಡಿಸ್ಕಿಗೆ ತೆಳು ತುಕ್ಕು ಬರುವುದು ಸಹಜ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಆದರೆ ಇಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆಗಳಿದ್ದವು, ಅಂಚಿನಲ್ಲಿ ದಿಬ್ಬ ಎದ್ದಿತ್ತು. ಪ್ಯಾಡ್ ಸವೆದು ಕಬ್ಬಿಣ ತಾಗಿದ ಮೇಲೂ, ಕಿರಕಿರ ಸದ್ದು ಕೇಳುತ್ತಲೇ ಓಡಿಸಿದ್ದಾರೆ ಅಂತಾಯ್ತು ಅಲ್ವಾ? ಕಿಲೋಮೀಟರ್ ಕಡಿಮೆ ಇದ್ದರೂ ಹೀಗಾಗಬಹುದು. ಡಿಸ್ಕಿನ ಕನಿಷ್ಠ ದಪ್ಪ ಸಾಮಾನ್ಯವಾಗಿ ಅದರ ಮೇಲೇ ಕೆತ್ತಿರುತ್ತದೆ, ಗ್ಯಾರೇಜಿನವರು ಅಳೆದು ಹೇಳುತ್ತಾರೆ.

ಬ್ಯಾಟರಿ 2019ರದ್ದು, ಟರ್ಮಿನಲ್ ತುಂಬ ಬಿಳಿ ಪುಡಿ. ಬೆಳಿಗ್ಗೆ ತಣ್ಣಗಿದ್ದಾಗ ಎಳೆದೆಳೆದು ಸ್ಟಾರ್ಟ್ ಆಯಿತು.

ಒಂದೇ ಹಳೆಯದಾಗಿದ್ದರೆ ಬೆಲೆ ಇಳಿಸಿ ಕೊಳ್ಳುತ್ತಿದ್ದೆ. ಕಣ್ಣಿಗೆ ಕಾಣುವ ಮೂರನ್ನೂ ಬಿಟ್ಟವರು ಆಯಿಲ್, ಕೂಲೆಂಟ್ ಸಮಯಕ್ಕೆ ಬದಲಿಸಿರುತ್ತಾರೆ ಅಂತ ನಂಬಲು ನನ್ನಿಂದಾಗಲಿಲ್ಲ. ಸರ್ವಿಸ್ ಬಿಲ್ ಕೇಳಿದೆ, 2020ರ ನಂತರದ್ದು ಒಂದೂ ಇರಲಿಲ್ಲ. ಆ ಗಾಡಿ ಬಿಟ್ಟೆ.