ಫೈಲ್ ಕೇಳಿದರೆ ಫೋಟೊ ಕಳಿಸುವವರಿಗೆ

ಇವತ್ತು ಮತ್ತೆ ಬಂತು. "ಎಕ್ಸೆಲ್ ಫೈಲ್ ಕಳಿಸಿ" ಎಂದು ಸ್ಪಷ್ಟವಾಗಿಯೇ ಬರೆದಿದ್ದೆ. ಬಂದದ್ದು ಸ್ಕ್ರೀನ್‌ಶಾಟ್, ಅದೂ ಅಂಚುಗಳನ್ನು ಕತ್ತರಿಸಿ ಅಂದಗಾಣಿಸಿದ್ದು. ನನ್ನ ಕೆಲಸವೂ ನನ್ನ ಸಿಟ್ಟೂ ಬಲ್ಲ ನಿಮಗೆ ಹೆಚ್ಚು ಹೇಳಬೇಕಿಲ್ಲ.

ಪಟ್ಟಿಯಲ್ಲಿ ನಾಲ್ಕು ಸಾಲು: 12, 8, 15, 6. ಕೆಳಗೆ ಒಟ್ಟು 43. ಕೂಡಿ ನೋಡಿ, 41 ಆಗುತ್ತದೆ. ಕೇಳಿದರೆ, "ಕಂಪ್ಯೂಟರ್ ಹಾಕಿದ ಲೆಕ್ಕ ಸಾರ್, ತಪ್ಪಾಗುವುದಿಲ್ಲ" ಎಂಬ ಉತ್ತರ. ಕಂಪ್ಯೂಟರ್ ತಪ್ಪು ಮಾಡಿರಲೂ ಇಲ್ಲ. ಗೋಗರೆದು ಫೈಲ್ ತರಿಸಿಕೊಂಡಾಗ ಒಳಗಿದ್ದದ್ದು 12.4, 8.4, 15.4, 6.4, ಮೊತ್ತ 42.6. ದಶಾಂಶ ಕಾಣದಂತೆ ಯಾರೋ ಹೊಂದಿಸಿದ್ದರು. ಕಾಣುವಾಗ ಪ್ರತಿ ಸಾಲೂ ಕೆಳಗಿಳಿದಿತ್ತು, ಮೊತ್ತ ಮಾತ್ರ ಮೇಲೇರಿತ್ತು. ಎಕ್ಸೆಲ್ ತೋರಿಸುವುದು ಒಂದು, ಲೆಕ್ಕಕ್ಕೆ ಹಿಡಿಯುವುದು ಇನ್ನೊಂದು. ಫೋಟೊದಲ್ಲಿ ಬರುವುದು ತೋರಿಸಿದ್ದು ಮಾತ್ರ.

ಇದಾದರೂ ಎರಡರ ವ್ಯತ್ಯಾಸ. ಫಿಲ್ಟರ್ ಹಾಕಿದ ಪಟ್ಟಿಯ ಫೋಟೊ ಇದಕ್ಕಿಂತ ಕೆಟ್ಟದ್ದು. `SUM` ಸೂತ್ರ ಅಡಗಿಸಿದ ಸಾಲುಗಳನ್ನೂ ಕೂಡಿಕೊಳ್ಳುತ್ತದೆ. `SUBTOTAL` ಆದರೆ ಫಿಲ್ಟರ್ ಮರೆಮಾಡಿದ್ದನ್ನು ಬಿಡುತ್ತದೆ. ಯಾವುದನ್ನು ಬಳಸಿದ್ದಾರೆಂದು ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ತಿಳಿಯದು. ಎಡಬದಿಯ ಸಾಲು ಸಂಖ್ಯೆ 7, 8, 12 ಎಂದು ಜಿಗಿದಿದ್ದರೆ ನಡುವೆ ಏನೋ ಅಡಗಿದೆ ಎಂದು ಊಹಿಸಬಹುದಿತ್ತು. ನಮ್ಮ ಅಂದಗಾರರು ಮೊದಲು ಕತ್ತರಿಸುವುದೇ ಆ ಅಂಚನ್ನು!

ಪೂರ್ಣಾಂಕಕ್ಕೆ ಇಳಿಸಿ ತೋರಿಸಿದ ಪಟ್ಟಿಯಲ್ಲಿ ಸಾಲೊಂದಕ್ಕೆ ಹೆಚ್ಚೆಂದರೆ ಅರ್ಧ, ಮೊತ್ತಕ್ಕೆ ಇನ್ನೊಂದು ಅರ್ಧ ವ್ಯತ್ಯಾಸವಾಗಬಹುದು. ಹಾಗಾಗಿ ನಾಲ್ಕು ಸಾಲಿನಲ್ಲಿ ಎರಡು ಹೆಚ್ಚುಕಡಿಮೆಯಾದರೆ ಮೊದಲು ದಶಾಂಶವನ್ನು ಸಂಶಯಿಸುತ್ತೇನೆ. ಹತ್ತು ಬಂದರೆ ಅದು ದಶಾಂಶದ ಕೆಲಸವಲ್ಲ. ಸಾಲು ಅಡಗಿದೆ, ಇಲ್ಲವೇ ಸೂತ್ರದ ವ್ಯಾಪ್ತಿ ತಪ್ಪಿದೆ. ಆದರೆ ಈ ಪತ್ತೇದಾರಿಕೆ ನಾನೇಕೆ ಮಾಡಬೇಕು? ಫೈಲ್ ಇದ್ದರೆ ಕೋಶದ ಮೇಲೆ ಒಮ್ಮೆ ಒತ್ತಿದರೆ ಸಾಕು.

"ಮೊಬೈಲಿನಲ್ಲಿ ಫೈಲ್ ತೆರೆಯುವುದು ಕಷ್ಟ, ಫೋಟೊ ಸುಲಭ" ಎನ್ನುತ್ತಾರೆ. ನೋಡುವುದಕ್ಕೆ ಸುಲಭ, ಒಪ್ಪಿದೆ. ತೆರೆಯ ಮೇಲೆ ಬಂದ ದೋಷದ ಸಂದೇಶವನ್ನು ತೋರಿಸಬೇಕಾದರೆ ಫೋಟೊವನ್ನೇ ಕಳಿಸಿ, ಬೇಡವೆನ್ನುವುದಿಲ್ಲ. ಆದರೆ ಅಂಕಿಗಳನ್ನು ನಾನು ಮುಂದಿನ ಲೆಕ್ಕಕ್ಕೆ ಬಳಸಬೇಕಲ್ಲ! ಮೆಸೇಜಿಂಗ್ ಆಪ್ ಕುಗ್ಗಿಸಿ ಕಳಿಸಿದ ಚಿತ್ರದಲ್ಲಿ 3 ಮತ್ತು 8 ಅಣ್ಣತಮ್ಮಂದಿರಂತೆ ಕಾಣುತ್ತವೆ, ದಶಾಂಶ ಬಿಂದು ಮಾಯವಾಗಿರುತ್ತದೆ.

ಚಾಟಿನ ಸ್ಕ್ರೀನ್‌ಶಾಟ್ ಬಗ್ಗೆ ಬೇರೆ ಹೇಳಬೇಕೇ? "ನಿನ್ನೆಯದಕ್ಕೆ 5 ಸೇರಿಸಿಕೊಳ್ಳಿ" ಎಂಬ ಒಂದೇ ಸಾಲು. ನಿನ್ನೆ ಯಾವುದು, ಐದು ಏನು ಎಂಬುದು ಕತ್ತರಿಸಿದ ಮೇಲಿನ ಸಂದೇಶದಲ್ಲಿ.

ನಿಜ ಹೇಳುತ್ತೇನೆ, ಈಚೆಗೆ ಇಂಥ ಚಿತ್ರಗಳಿಗೆ ಬೇಕೆಂದೇ ತಡವಾಗಿ ಉತ್ತರಿಸುತ್ತೇನೆ. ಇವತ್ತಿನದಕ್ಕೆ ಇನ್ನೂ ಉತ್ತರಿಸಿಲ್ಲ. ಕಳಿಸಿದವರು ಇದನ್ನು ಓದುತ್ತಿದ್ದರೆ: ಫೈಲ್.