ಮಾರ್ಕ್ಸ್ ಬರೋದು ಮುಂದಿನ ವರ್ಷ, ಬಾಡಿಗೆ ಕಟ್ಟೋದು ಈ ತಿಂಗಳು

2023ರ ಮೇ 28, ಭಾನುವಾರ. ಯುಪಿಎಸ್‌ಸಿ ಪ್ರಿಲಿಮ್ಸ್ ಬರೆದು ವಿಜಯನಗರದ ರೂಮಿಗೆ ಬಂದವನು ಶರ್ಟ್ ಕೂಡ ಬದಲಿಸದೆ ಪ್ರಶ್ನೆಪತ್ರಿಕೆ ಹಿಡಿದು ಕೂತಿದ್ದೆ. ನನ್ನ ನಾಲ್ಕನೇ ಅಟೆಂಪ್ಟ್ ಅದು. ರಾತ್ರಿ ಹತ್ತರ ಹೊತ್ತಿಗೆ ಬೇರೆ ಬೇರೆ ಕೋಚಿಂಗ್‌ನವರ ನಾಲ್ಕು ಆನ್ಸರ್ ಕೀ ಮೊಬೈಲಿಗೆ ಬಂದಿದ್ದವು. ಜಿಎಸ್, ಅಂದರೆ ಸಾಮಾನ್ಯ ಅಧ್ಯಯನದ ಪೇಪರ್‌ನಲ್ಲಿ 84 ಪ್ರಶ್ನೆ ಮುಟ್ಟಿದ್ದೆ. ಒಂದು ಕೀ ಪ್ರಕಾರ 46 ಸರಿ, 38 ತಪ್ಪು. ಇನ್ನೊಂದರ ಪ್ರಕಾರ 50 ಸರಿ, 34 ತಪ್ಪು. ನಾಲ್ಕೇ ಪ್ರಶ್ನೆ ತಾನೆ ಅನ್ನಬೇಡಿ. ಸರಿ ಉತ್ತರಕ್ಕೆ ಎರಡು ಅಂಕ, ತಪ್ಪಿಗೆ ಅದರ ಮೂರನೇ ಒಂದು ಭಾಗ ಕಟ್. ಹಾಗಾಗಿ ಒಂದು ಕೀಯಲ್ಲಿ 66.67, ಇನ್ನೊಂದರಲ್ಲಿ 77.33.

ಅಕ್ಕ ಫೋನ್ ಮಾಡಿದಳು. ಎರಡು ವರ್ಷದಿಂದ ನನ್ನ ರೂಮಿನ ಬಾಡಿಗೆಯಲ್ಲಿ ಅರ್ಧ ಕಟ್ಟುತ್ತಿದ್ದವಳು ಅವಳೇ.

"ಏನೋ, ಆಗುತ್ತಾ?"

"ಗೊತ್ತಿಲ್ಲ ಕಣೇ."

"ಬರೆದವನಿಗೇ ಗೊತ್ತಿಲ್ಲ ಅಂದ್ರೆ ಹೆಂಗೋ?"

ಅವಳ ಪ್ರಶ್ನೆ ನ್ಯಾಯವಾದದ್ದೇ. ಹಿಂದಿನ ವರ್ಷ ಜನರಲ್ ಕಟಾಫ್ 88.22 ಇತ್ತು, ಹಾಗಾಗಿ 77 ಅಂದರೆ ಕತೆ ಮುಗಿದ ಹಾಗೆ ಅಂತ ಎಲ್ಲರೂ ಹೇಳುತ್ತಿದ್ದರು. 2023ರ ಕಟಾಫ್ 75.41ಕ್ಕೆ ಇಳಿದಿದೆ ಅನ್ನುವುದು ಗೊತ್ತಾಗಿದ್ದು ಸುಮಾರು ಒಂದು ವರ್ಷದ ನಂತರ. ಜೂನ್ 12ಕ್ಕೆ ಬಂದದ್ದು ಬರೀ ರೋಲ್ ನಂಬರ್‌ಗಳ ಪಟ್ಟಿ. ಅದರಲ್ಲಿ ನನ್ನದು ಇರಲಿಲ್ಲ.

ಪರೀಕ್ಷೆ ಆಗದಿದ್ದರೆ ಒಂದು ಬ್ಯಾಕಪ್ ಇರಲಿ ಅಂತ ಮಾತಾಡುವವರು ಈ ಕ್ಯಾಲೆಂಡರ್ ಕಡೆ ಸಾಮಾನ್ಯವಾಗಿ ನೋಡುವುದಿಲ್ಲ, ನನಗೆ ಹೇಳಬೇಕಿರುವುದು ಅದನ್ನೇ. ಪ್ರಿಲಿಮ್ಸ್ ಫೇಲಾದವನಿಗೆ ತಾನು ಎಷ್ಟರಲ್ಲಿ, ಯಾವ ಪೇಪರ್‌ನಲ್ಲಿ ಫೇಲಾದೆ ಅನ್ನುವುದು ಆಗ ತಿಳಿಯುತ್ತಿರಲಿಲ್ಲ. ಆ ವರ್ಷದ ಮೇನ್ಸ್, ಇಂಟರ್‌ವ್ಯೂ ಎಲ್ಲ ಮುಗಿದು ಅಂತಿಮ ಫಲಿತಾಂಶ ಬಂದ ಮೇಲೆಯೇ ಮಾರ್ಕ್ಸ್ ಕೊಡುತ್ತಿದ್ದರು. 2023ರ ಅಂತಿಮ ಫಲಿತಾಂಶ ಬಂದದ್ದು 2024ರ ಏಪ್ರಿಲ್ 16ಕ್ಕೆ. ಮುಂದಿನ ಪ್ರಿಲಿಮ್ಸ್‌ನ ಅರ್ಜಿ ಮಾರ್ಚ್ ಮೊದಲ ವಾರದಲ್ಲೇ ಮುಗಿದಿತ್ತು. ಅಂದರೆ ಇನ್ನೊಂದು ವರ್ಷ ಹಾಕಬೇಕೋ ಬೇಡವೋ ಅನ್ನುವ ತೀರ್ಮಾನವನ್ನು ಕುರುಡಾಗಿಯೇ ಮಾಡಬೇಕಿತ್ತು. ಲಿಸ್ಟ್‌ನಲ್ಲಿ ಹೆಸರಿಲ್ಲದ ದಿನ ಮನಸ್ಸು ಏನು ಹೇಳುತ್ತದೆ ಅಂತ ಬರೆದವರಿಗೆಲ್ಲ ಗೊತ್ತು: "ಒಂದೆರಡು ಮಾರ್ಕ್ಸ್‌ನಲ್ಲಿ ಹೋಗಿರುತ್ತೆ, ಇನ್ನೊಂದ್ಸಲ ನೋಡೋಣ." ನನಗೆ ನಾನೇ ಅದನ್ನು ಮೂರು ಸಲ ಹೇಳಿಕೊಂಡಿದ್ದೇನೆ.

ಅದಕ್ಕೇ ಆ ಸಲ ಪರೀಕ್ಷೆಗೆ ಮೊದಲೇ ಅಕ್ಕನ ಜೊತೆ ಮಾತಾಗಿತ್ತು. ಲಿಸ್ಟ್‌ನಲ್ಲಿ ನಂಬರ್ ಇಲ್ಲದಿದ್ದರೆ ಜುಲೈ 1ರಿಂದ ಫುಲ್ ಟೈಮ್ ಕೆಲಸ. ಯಾಕೆ, ಏನು, ಎಷ್ಟರಲ್ಲಿ ಹೋಯ್ತು ಅಂತ ಚರ್ಚೆ ಇಲ್ಲ.

ಕೆಲಸ ಎಲ್ಲಿಂದ ಬಂತು ಅಂದರೆ, ಅದು ಮೊದಲೇ ಇತ್ತು. ನಾನು ಬಿ.ಕಾಂ., ಆಪ್ಷನಲ್ ಕೂಡ ಕಾಮರ್ಸ್ ಅಂಡ್ ಅಕೌಂಟೆನ್ಸಿ. ಎರಡನೇ ಅಟೆಂಪ್ಟ್ ಹೋದ ಮೇಲೆ ಒಬ್ಬ ಆಡಿಟರ್ ಹತ್ತಿರ ದಿನಕ್ಕೆ ನಾಲ್ಕು ಗಂಟೆಯ ಕೆಲಸಕ್ಕೆ ಸೇರಿದ್ದೆ. ತಿಂಗಳಿಗೆ 12 ಸಾವಿರ. ಅಂಗಡಿಗಳ ಜಿಎಸ್‌ಟಿ ರಿಟರ್ನ್ಸ್ ತುಂಬುವುದು: 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1, 20ರೊಳಗೆ 3ಬಿ, ಮಧ್ಯೆ ಬಿಲ್ ಮ್ಯಾಚ್ ಆಗದ ಹಾರ್ಡ್‌ವೇರ್ ಅಂಗಡಿಯವರಿಗೆ ಫೋನ್. ಈ ಕೆಲಸ ನನಗೆ ಹೊಂದಿದ್ದಕ್ಕೆ ಸಂಬಳಕ್ಕಿಂತ ಅದರ ಸೀಸನ್ ಕಾರಣ. ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ಗಲಾಟೆ ಶುರುವಾಗುವುದು ಜೂನ್‌ನಲ್ಲಿ, ಆಗ ಗಡುವು ಜುಲೈ 31 ಇತ್ತು. ಪ್ರಿಲಿಮ್ಸ್ ಅಷ್ಟೊತ್ತಿಗೆ ಮುಗಿದಿರುತ್ತದೆ. ತೊಂದರೆ ಆದದ್ದು ಒಂದೇ ಸಲ. 2022ರಲ್ಲಿ ಪ್ರಿಲಿಮ್ಸ್ ಪಾಸಾದೆ, ಮೇನ್ಸ್ ಬಂದದ್ದು ಟ್ಯಾಕ್ಸ್ ಆಡಿಟ್ ನಡೆಯುವ ಸೆಪ್ಟೆಂಬರ್‌ನಲ್ಲಿ. ಸಂಬಳ ಬಿಟ್ಟು ಎರಡು ತಿಂಗಳು ರಜೆ ಕೇಳಿದೆ. ಆಡಿಟರ್ ಮುಖ ಸಿಂಡರಿಸಿಕೊಂಡೇ ಕೊಟ್ಟರು. ಮೇನ್ಸ್ ಆಗಲಿಲ್ಲ, ಅದು ಬೇರೆ ವಿಷಯ.

"ಎರಡು ದೋಣಿ ಮೇಲೆ ಕಾಲಿಟ್ಟವನು ನೀರಿಗೇ ಬೀಳೋದು" ಅಂತ ರೂಮ್‌ಮೇಟ್ ಹೇಳುತ್ತಿದ್ದ. ಅವನು ಇಂಜಿನಿಯರ್, ಕೆಲಸ ಬಿಟ್ಟು ಬಂದವನು. ಅವನ ಬ್ಯಾಕಪ್ ಕೆಎಎಸ್. ಸಿಲಬಸ್ ಹೇಗೂ ಓದಿದ್ದೇ ಇರುತ್ತದಲ್ಲ, ಯುಪಿಎಸ್‌ಸಿ ಆಗದಿದ್ದರೆ ಅದು ಅನ್ನುವ ಲೆಕ್ಕ. ಸಿಲಬಸ್ ಲೆಕ್ಕ ತಪ್ಪೇನಲ್ಲ, ಆದರೆ ಕೆಪಿಎಸ್‌ಸಿ 106 ಹುದ್ದೆಗೆ ಕರೆದದ್ದು 2020ರಲ್ಲಿ. ಮುಂದಿನ 384 ಹುದ್ದೆಯ ಅಧಿಸೂಚನೆ ಬಂದದ್ದು 2024ರಲ್ಲಿ. ಆಗಸ್ಟ್ 27ಕ್ಕೆ ಪ್ರಿಲಿಮ್ಸ್ ಆಯಿತು, ಕನ್ನಡ ಅನುವಾದದ ತಪ್ಪುಗಳಿಂದ ಗದ್ದಲವಾಗಿ ಡಿಸೆಂಬರ್ 29ಕ್ಕೆ ಮತ್ತೆ ಬರೆಸಿದರು. ಯುಪಿಎಸ್‌ಸಿ ಆದರೂ ಪ್ರತಿವರ್ಷ ಬರುತ್ತದೆ. ಅದಕ್ಕಿಂತ ಅನಿಶ್ಚಿತವಾದದ್ದನ್ನು ಬ್ಯಾಕಪ್ ಅನ್ನುವುದು ಹೇಗೆ? ಬರೆಯಿರಿ, ಖಂಡಿತ ಬರೆಯಿರಿ. ಆದರೆ ಅದೂ ಇನ್ನೊಂದು ಪರೀಕ್ಷೆ ಅಷ್ಟೆ. ಬ್ಯಾಕಪ್ ಅಂದರೆ ಇವತ್ತು ಹೇಳಿದರೆ ಮುಂದಿನ ತಿಂಗಳ ಒಂದನೇ ತಾರೀಖಿಗೆ ಹೋಗಿ ಕೂರಬಹುದಾದದ್ದು.

ದೋಣಿ ಮಾತಿಗೆ ನನ್ನ ಉತ್ತರ ಸಣ್ಣದು. ಲೈಬ್ರರಿಯಲ್ಲಿ ಹನ್ನೆರಡು ಗಂಟೆ ಕೂತ ದಿನಗಳೂ ನನಗೆ ಗೊತ್ತು. ಮಧ್ಯಾಹ್ನ ಎರಡರಿಂದ ಐದು ಅಲ್ಲಿ ಯಾರೂ ಓದುವುದಿಲ್ಲ, ಕೂತಿರುತ್ತಾರೆ. ನಾನು ಆಡಿಟರ್‌ಗೆ ಕೊಟ್ಟದ್ದು ಮುಖ್ಯವಾಗಿ ಆ ಹೊತ್ತನ್ನೇ.

ಜುಲೈ 1ಕ್ಕೆ ಮಾತಿನಂತೆ ಫುಲ್ ಟೈಮ್ ಸೇರಿದೆ. ಬೆಳಿಗ್ಗೆ ಐದರಿಂದ ಎಂಟು ಓದು ಬಿಡಲಿಲ್ಲ. ಜಿಎಸ್‌ನಲ್ಲೇ ಹೋಗಿರಬೇಕು ಅಂದುಕೊಂಡು ವರ್ಷಪೂರ್ತಿ ಕರೆಂಟ್ ಅಫೇರ್ಸ್ ತಿದ್ದಿದೆ, ಪರಿಸರ ಮೂರು ಸಲ ಓದಿದೆ. ಏಪ್ರಿಲ್‌ ಫಲಿತಾಂಶದ ನಂತರ ಮಾರ್ಕ್ಸ್ ಬಂತು. ಜಿಎಸ್ 77.33. ಎರಡನೇ ಕೀಯೇ ಸರಿಯಿತ್ತು! ಕಟಾಫ್‌ಗಿಂತ ಹೆಚ್ಚೂಕಮ್ಮಿ ಎರಡು ಅಂಕ ಮೇಲೆ. ಕೆಳಗಿನ ಸಾಲಿನಲ್ಲಿ ಪ್ರಿಲಿಮ್ಸ್‌ನ ಎರಡನೇ ಪೇಪರ್, ಸಿಸ್ಯಾಟ್: 63.33. ಅದರಲ್ಲಿ ಪಾಸಾಗಲು 200ಕ್ಕೆ ಶೇ. 33 ಬೇಕು, ಅಂದರೆ 66. ಪ್ರಶ್ನೆಗೆ ಎರಡೂವರೆ ಅಂಕದ ಆ ಪೇಪರ್‌ನಲ್ಲಿ 33 ಸರಿ, 23 ತಪ್ಪು ಮಾಡಿದ್ದೆ. ಖಾತ್ರಿಯಿಲ್ಲದ ನಾಲ್ಕೈದು ಪ್ರಶ್ನೆಯನ್ನು ಮುಟ್ಟದೆ ಬಿಟ್ಟಿದ್ದರೆ ದಾಟುತ್ತಿದ್ದೆ.

ಕನ್ನಡ ಮೀಡಿಯಂನಲ್ಲಿ ಓದಿದವರು ಇಲ್ಲಿ ಸ್ವಲ್ಪ ನಿಲ್ಲಿ. ಮೇನ್ಸ್ ಕನ್ನಡದಲ್ಲಿ ಬರೆಯಬಹುದು, ಆದರೆ ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಸಿಸ್ಯಾಟ್‌ನ ಉದ್ದುದ್ದ ಪ್ಯಾಸೇಜ್ ಓದುವುದರಲ್ಲೇ ನಮ್ಮ ಸಮಯ ಹೋಗುತ್ತದೆ, ಕೊನೆಗೆ ಗಣಿತದ ಪ್ರಶ್ನೆಗಳಿಗೆ ಅಂದಾಜಿನಲ್ಲಿ ಗುರುತು ಹಾಕುತ್ತೇವೆ. "ಬರೀ ಕ್ವಾಲಿಫೈಯಿಂಗ್ ಪೇಪರ್" ಅಂತ ಪರೀಕ್ಷೆ ದಿನವೂ ಅದರ ಕೀ ನೋಡಿ ಲೆಕ್ಕ ಹಾಕಿರಲಿಲ್ಲ ನಾನು. ಜಿಎಸ್‌ಗೆ ನಾಲ್ಕು ಕೀ, ಸಿಸ್ಯಾಟ್‌ಗೆ ಒಂದೂ ಇಲ್ಲ.

ಚುನಾವಣೆಯಿಂದ 2024ರ ಪ್ರಿಲಿಮ್ಸ್ ಜೂನ್ 16ಕ್ಕೆ ಹೋಗಿತ್ತು. ಫಾರ್ಮ್ ತುಂಬಿದ್ದೆ. ಮೇ ತಿಂಗಳಲ್ಲಿ ಟೈಮ್ ಇಟ್ಟು ಮೂರು ಹಳೆಯ ಸಿಸ್ಯಾಟ್ ಪೇಪರ್ ಮಾಡಿದೆ: 58, 61, 64. ಪರೀಕ್ಷೆಗೆ ಹೋಗಲಿಲ್ಲ. ಅರ್ಜಿ ಹಾಕಿದ್ದು ಅಟೆಂಪ್ಟ್ ಅಲ್ಲ, ಪ್ರಿಲಿಮ್ಸ್‌ನ ಒಂದು ಪೇಪರ್‌ಗಾದರೂ ಕೂತರೆ ಮಾತ್ರ ಅಟೆಂಪ್ಟ್. ಹೋದದ್ದು ನೂರು ರೂಪಾಯಿ ಫೀಸ್. ಜನರಲ್‌ನವರಿಗೆ ಇರುವ ಆರರಲ್ಲಿ ನನ್ನವು ಎರಡು ಹಾಗೇ ಉಳಿದಿವೆ, 32 ವರ್ಷದ ಗಡಿಗೂ ಇನ್ನೂ ಸ್ವಲ್ಪ ಕಾಲವಿದೆ. ಸಂಬಳ ಬರುತ್ತಿಲ್ಲದಿದ್ದರೆ ಆ ಜೂನ್ 16ಕ್ಕೆ ನಾನು ಖಂಡಿತ ಹೋಗಿ ಕೂರುತ್ತಿದ್ದೆ, ಒಂದನ್ನು ಕಳೆದುಕೊಳ್ಳುತ್ತಿದ್ದೆ. ಕಾಯುವುದಕ್ಕೂ ದುಡ್ಡು ಬೇಕು.

ಈಗ ಆಫೀಸಿನಲ್ಲಿ 18 ಕ್ಲೈಂಟ್‌ಗಳ ಫೈಲ್ ನನ್ನ ಹೆಸರಿನಲ್ಲಿದೆ, ಬಾಡಿಗೆ ಪೂರ್ತಿ ನಾನೇ ಕಟ್ಟುತ್ತೇನೆ. ಭಾನುವಾರ ಬೆಳಿಗ್ಗೆ ಅಲಾರಾಂ ಇಟ್ಟು ಎರಡು ಗಂಟೆ ಒಂದು ಸಿಸ್ಯಾಟ್ ಪೇಪರ್. ಸತತ ಐದರಲ್ಲಿ 80 ದಾಟಿದರೆ ಐದನೇ ಅಟೆಂಪ್ಟ್ ಅಂತ ಅಕ್ಕನಿಗೆ ಹೇಳಿದ್ದೇನೆ. ಕಳೆದ ವಾರ 74 ಬಂತು. ಅವಳಿಗೆ ಮೆಸೇಜ್ ಮಾಡಿದೆ. "ಸರಿ, ತಿಂಡಿ ತಿನ್ನು" ಅಂದಳು.